ಮದುವೆ ಚಪ್ಪರಕ್ಕೆ ಎಷ್ಟು ದೊಡ್ಡ ಟಾರ್ಪಲ್ ಬೇಕು? ಇಳಿಜಾರು, ಓವರ್‌ಲ್ಯಾಪ್ ಸೇರಿಸಿ ಲೆಕ್ಕ ಹಾಕುವ ಕ್ರಮ

ಅಂಗಳದ ಅಳತೆ 30 ಅಡಿ ಅಗಲ, 40 ಅಡಿ ಉದ್ದ. ಅಂಗಡಿಗೆ ಹೋಗಿ 30×40 ಟಾರ್ಪಲ್ ತರುತ್ತಾರೆ. ಚಪ್ಪರದ ದಿನ ಮೇಲೆ ಎಳೆದು ನೋಡಿದರೆ ಎರಡೂ ಕಡೆ ಕಂಬದ ತಲೆ ಹೊರಗೆ ಕಾಣುತ್ತದೆ. ಆಮೇಲೆ ಇಳಿಜಾರು ಕಡಿಮೆ ಮಾಡಿ ಹೇಗೋ ಸರಿದೂಗಿಸುತ್ತಾರೆ. ರಾತ್ರಿ ಮಳೆ ಬಂದರೆ ನಡುವೆ ನೀರು ನಿಂತು ಟಾರ್ಪಲ್ ಹೊಟ್ಟೆ ಬಿಡುತ್ತದೆ. ಪ್ರತಿ ಬೇಸಿಗೆಯಲ್ಲೂ ಇದೇ ಕಥೆ.

ತಪ್ಪಾಗುವುದು ಕ್ರಮದಲ್ಲಿ. ಮೊದಲು ಟಾರ್ಪಲ್ ತಂದು ಆಮೇಲೆ ಚಪ್ಪರ ಕಟ್ಟುತ್ತಾರೆ. ಮೊದಲು ಇಳಿಜಾರು ನಿರ್ಧರಿಸಿ, ಆಮೇಲೆ ಅಳೆದು, ಕೊನೆಗೆ ಅಂಗಡಿಗೆ ಹೋಗಬೇಕು. ಇಲ್ಲಿ ಇದೇ 30×40 ಅಂಗಳವನ್ನು ಹಿಡಿದು ಕೊನೆಯವರೆಗೂ ಲೆಕ್ಕ ಮಾಡೋಣ. ನಿಮ್ಮ ಅಂಗಳದ ಅಳತೆ ಬೇರೆಯಾದರೆ ಅಂಕಿ ಬದಲಾಗುತ್ತದೆ, ಕ್ರಮ ಅದೇ.

## ಕೈಯಲ್ಲಿ ಇರಬೇಕಾದದ್ದು

ಉದ್ದದ ಅಳತೆ ಟೇಪು, 50 ಅಡಿಯ ಒಂದು ಹಗ್ಗ, ಗಾರೆ ಕೆಲಸದವರು ಮಟ್ಟ ನೋಡುವ ನೀರಿನ ಪೈಪು, ಕಟ್ಟಲು ನೈಲಾನ್ ಹಗ್ಗ, ಹಳೆಯ ಗೋಣಿಚೀಲ ನಾಲ್ಕೈದು, ಗೂಟ, ಗಟ್ಟಿಯಾಗಿ ನಿಲ್ಲುವ ಏಣಿ. ಗೋಣಿಚೀಲ ಯಾಕೆ ಅಂತ ಮುಂದೆ ಗೊತ್ತಾಗುತ್ತದೆ, ಅದನ್ನು ಮಾತ್ರ ಮರೆಯಬೇಡಿ.

## ಹಂತ 1: ನೀರು ಯಾವ ಕಡೆ ಹೋಗಬೇಕು ಅಂತ ಮೊದಲು ತೀರ್ಮಾನಿಸಿ

ಮನೆ ಮುಂದಿನ ಚಪ್ಪರದಲ್ಲಿ ನೀರು ಮನೆಯ ಕಡೆಗೆ ಬರಲೇಬಾರದು, ಊಟಕ್ಕೆ ಜನ ಓಡಾಡುವ ದಾರಿಗೂ ಬೀಳಬಾರದು. ನಮ್ಮ ಉದಾಹರಣೆಯಲ್ಲಿ 40 ಅಡಿಯ ಉದ್ದ ಮನೆಯಿಂದ ರಸ್ತೆಯ ಕಡೆಗೆ ಹೋಗುತ್ತದೆ. ಹಾಗಾಗಿ ಚಪ್ಪರದ ನೆತ್ತಿಯ ಗಳವನ್ನೂ ಅದೇ ದಿಕ್ಕಿನಲ್ಲಿ, ಅಗಲದ ನಟ್ಟನಡುವೆ ಕಟ್ಟಬೇಕು. ಆಗ ನೀರು ಎಡಕ್ಕೂ ಬಲಕ್ಕೂ ಇಳಿಯುತ್ತದೆ.

ಒಂದೇ ಕಡೆ ಇಳಿಜಾರು ಕೊಡಬಾರದಾ? 10-12 ಅಡಿ ಅಗಲದ ಸಣ್ಣ ಚಪ್ಪರಕ್ಕೆ ಕೊಡಬಹುದು. 30 ಅಡಿಗೆ ಒಂದೇ ಕಡೆ ಸರಿಯಾದ ಇಳಿಜಾರು ಕೊಡಲು ಹೋದರೆ ಒಂದು ಬದಿ ಇನ್ನೊಂದಕ್ಕಿಂತ ಏಳೂವರೆ ಅಡಿ ಎತ್ತರವಾಗಬೇಕು. ಅಷ್ಟು ಎತ್ತರಕ್ಕೆ ಗಳವೂ ಸಿಗುವುದಿಲ್ಲ, ಗಾಳಿಗೂ ಅದು ನಿಲ್ಲುವುದಿಲ್ಲ. ಎರಡು ಕಡೆ ಇಳಿಸುವುದೇ ವಾಸಿ.

## ಹಂತ 2: ಇಳಿಜಾರು, ನಾಲ್ಕು ಅಡಿಗೆ ಒಂದು ಅಡಿ

ಟಾರ್ಪಲ್‌ಗೆ ನಾಲ್ಕು ಅಡಿ ದೂರಕ್ಕೆ ಒಂದು ಅಡಿ ಇಳಿತ ಇರಲಿ. ಆರು ಅಡಿಗೆ ಒಂದು ಅಡಿ ಅನ್ನುವುದು ಕೊನೆಯ ಮಿತಿ, ಅದಕ್ಕಿಂತ ಕಡಿಮೆಗೆ ಒಪ್ಪಬೇಡಿ. ತಗಡಿಗೆ ಇದಕ್ಕಿಂತ ಕಡಿಮೆ ಸಾಕು, ಏಕೆಂದರೆ ತಗಡು ಬಗ್ಗುವುದಿಲ್ಲ. ಟಾರ್ಪಲ್ ಗಳದಿಂದ ಗಳಕ್ಕೆ ಸ್ವಲ್ಪ ಜೋಲುತ್ತದೆ. ಇಳಿಜಾರು ಕಡಿಮೆ ಇದ್ದರೆ ಆ ಜೋಲಿನಲ್ಲೇ ನೀರು ನಿಲ್ಲುತ್ತದೆ.

ನಮ್ಮ ಚಪ್ಪರದಲ್ಲಿ ನೆತ್ತಿಯಿಂದ ಸೂರಿನವರೆಗೆ 15 ಅಡಿ. ನಾಲ್ಕಕ್ಕೆ ಒಂದರಂತೆ ಸುಮಾರು 4 ಅಡಿ ಇಳಿತ. ಸೂರಿನ ಕಂಬ ನೆಲದಿಂದ 8 ಅಡಿ ಇಟ್ಟರೆ ನೆತ್ತಿ 12 ಅಡಿಗೆ ಬರುತ್ತದೆ.

ಇಲ್ಲಿ ಒಂದು ಎಚ್ಚರ. ಅಂಗಳ ಕಣ್ಣಿಗೆ ಸಮ ಕಂಡರೂ ಸಮ ಇರುವುದಿಲ್ಲ. ಪ್ರತಿ ಕಂಬವನ್ನೂ ನೆಲದಿಂದ 8 ಅಡಿ ಅಂತ ಅಳೆದರೆ ಅಂಗಳದ ಓರೆಯೆಲ್ಲ ಚಪ್ಪರದ ಮೇಲಕ್ಕೂ ಹೋಗುತ್ತದೆ. ಒಂದು ಮೂಲೆಯ ಕಂಬಕ್ಕೆ ಗುರುತು ಹಾಕಿ, ಉಳಿದ ಕಂಬಗಳಿಗೆ ನೀರಿನ ಪೈಪು ಹಿಡಿದು ಅದೇ ಮಟ್ಟ ತನ್ನಿ. ಹತ್ತು ನಿಮಿಷದ ಕೆಲಸ. ಬೇಕಿದ್ದರೆ ಉದ್ದಕ್ಕೂ ರಸ್ತೆಯ ಕಡೆಗೆ ಅರ್ಧ ಅಡಿ ವಾಟ ಕೊಡಿ, ಮನೆಯ ಕಡೆಗಂತೂ ಬೇಡ.

ಇಳಿಜಾರಿನಲ್ಲಿ ಹಾಯುವ ಗಳಗಳ ನಡುವಿನ ಅಂತರ ನಾಲ್ಕು ಅಡಿ ಮೀರಬಾರದು. ಅವುಗಳ ಮೇಲೆ ಅಡ್ಡಕ್ಕೆ ಮೂರು ಅಡಿಗೊಂದರಂತೆ ಬಿದಿರು ಅಥವಾ ಅಡಿಕೆ ದಬ್ಬೆ ಕಟ್ಟಿ. ಟಾರ್ಪಲ್ ಎಷ್ಟೇ ಒಳ್ಳೆಯದಿರಲಿ, ಕೆಳಗಿನ ಚೌಕ ದೊಡ್ಡದಾದರೆ ಅಲ್ಲಿ ನೀರು ಗುಂಡಿ ಮಾಡಿಕೊಳ್ಳುತ್ತದೆ.

## ಹಂತ 3: ಹಗ್ಗ ಹಾಕಿ ಅಳೆಯಿರಿ

ಗಳ ಕಟ್ಟಿದ ಮೇಲೆ ಒಂದು ಸೂರಿನಿಂದ ನೆತ್ತಿ ದಾಟಿಸಿ ಇನ್ನೊಂದು ಸೂರಿಗೆ ಹಗ್ಗ ಎಸೆಯಿರಿ. ಬಿಗಿಯಾಗಿ ಎಳೆದು, ಎರಡೂ ತುದಿಗೆ ಗಂಟು ಹಾಕಿ, ಕೆಳಗಿಳಿಸಿ ಟೇಪು ಹಿಡಿಯಿರಿ. ಮುಂದಿನ ಬದಿ, ನಡು, ಹಿಂದಿನ ಬದಿ ಹೀಗೆ ಮೂರು ಕಡೆ ಅಳೆದು, ಅತಿ ಉದ್ದದ ಅಳತೆಯನ್ನು ಬರೆದುಕೊಳ್ಳಿ.

ಇನ್ನೂ ಗಳ ಕಟ್ಟಿಲ್ಲ ಅನ್ನುವವರು ಫೋನಿನ ಕ್ಯಾಲ್ಕುಲೇಟರ್‌ನಲ್ಲಿ ಹೀಗೆ ಮಾಡಿ:

```
√(15×15 + 4×4) = √241 = 15.5 ಅಡಿ
15.5 × 2 = 31 ಅಡಿ
```

ನೋಡಿ, ಎರಡು ಕಡೆ ಸೇರಿ ಇಳಿಜಾರು ತಿಂದದ್ದು ಒಂದೇ ಅಡಿ. ಇಳಿಜಾರು ಕೊಟ್ಟರೆ ಟಾರ್ಪಲ್ ಬಹಳ ಹಿಡಿಯುತ್ತದೆ ಅಂತ ಹೆದರಿ ಚಪ್ಪರವನ್ನು ಚಪ್ಪಟೆ ಮಾಡುವವರು ಈ ಲೆಕ್ಕವನ್ನು ಒಮ್ಮೆ ಮಾಡಬೇಕು. ಮೂರು ಅಡಿಗೆ ಒಂದು ಅಡಿ ಇಳಿಸಿದರೂ ಒಟ್ಟು 32 ಅಡಿ ದಾಟುವುದಿಲ್ಲ. ಟಾರ್ಪಲ್ ಸಾಲದೆ ಹೋಗುವುದು ಬೇರೆ ಕಾರಣಗಳಿಂದ: ಸೂರಿನ ಹೊರಚಾಚು, ಓವರ್‌ಲ್ಯಾಪ್ ಮತ್ತು ಅಂಗಡಿಯ ಅಳತೆ.

## ಹಂತ 4: ಸೂರಿಗೂ ಬದಿಗೂ ಹೊರಚಾಚು ಸೇರಿಸಿ

ಸೂರಿನಲ್ಲಿ ಟಾರ್ಪಲ್ ಕಂಬದಿಂದ ಒಂದೂವರೆ ಅಡಿ ಹೊರಗೆ ಬರಬೇಕು. ಇಲ್ಲದಿದ್ದರೆ ನೀರು ಕಂಬದ ಗುಂಟ ಇಳಿದು ಒಳಗಿನ ಕುರ್ಚಿಯ ಸಾಲಿಗೆ ಬರುತ್ತದೆ. ಗಾಳಿಯ ಎರಚಲು ಬೇರೆ. ಆದ್ದರಿಂದ 31ಕ್ಕೆ 3 ಸೇರಿಸಿ: ಅಗಲಕ್ಕೆ 34 ಅಡಿ.

ಈ ಹೊರಚಾಚನ್ನು ಸುಮ್ನೆ ಗಾಳಿಯಲ್ಲಿ ಬಿಡಬೇಡಿ. ಅದರ ಅಂಚನ್ನೂ ಕೆಳಕ್ಕೆ ಎಳೆದು ಕಟ್ಟಿದರೆ ಮಾತ್ರ ನೀರು ಹೊರಗೆ ಬೀಳುತ್ತದೆ. ಜೋತುಬಿದ್ದರೆ ಸೂರಿನ ಗುಂಟ ತೊಟ್ಟಿಯ ಹಾಗೆ ನೀರು ನಿಲ್ಲುತ್ತದೆ.

ಉದ್ದಕ್ಕೆ ಮುಂದೆ 2 ಅಡಿ, ಹಿಂದೆ 2 ಅಡಿ: 40ಕ್ಕೆ 4 ಸೇರಿ 44 ಅಡಿ. ಮನೆಯ ಕಡೆಯ 2 ಅಡಿ ಬಹಳ ಮುಖ್ಯ. ಚಪ್ಪರ ಮನೆಯ ಮಾಡಿಗಿಂತ ಎತ್ತರವಿದ್ದರೆ ಟಾರ್ಪಲ್ ಮಾಡಿನ ಮೇಲಕ್ಕೆ ಚಾಚಲಿ. ಮನೆಯ ಸಜ್ಜೆ ಎತ್ತರವಿದ್ದರೆ ಟಾರ್ಪಲ್ ಅದರ ಕೆಳಗೆ ನುಗ್ಗಲಿ. ಗೋಡೆಗೆ ಮೊಳೆ ಹೊಡೆದು ಅಂಚು ಸಿಕ್ಕಿಸಿದರೆ ಗೋಡೆ ಮತ್ತು ಟಾರ್ಪಲ್ ನಡುವೆ ನೀರು ಇಳಿಯುತ್ತದೆ. ಅದು ನೇರ ಹೊಸಿಲಿಗೇ ಬರುತ್ತದೆ.

ಈಗ ನಮಗೆ ಬೇಕಾದ ಒಟ್ಟು ಹೊದಿಕೆ 34×44 ಅಡಿ. ಜಾಗ ಮಾತ್ರ 30×40.

## ಹಂತ 5: ಎಷ್ಟು ತುಂಡು, ಎಲ್ಲಿ ಜೋಡು?

ಇಲ್ಲಿ ಸ್ವಲ್ಪ ನಿಧಾನವಾಗಿ ನೋಡೋಣ. ಸೋರುವ ಚಪ್ಪರಗಳಲ್ಲಿ ಹೆಚ್ಚಿನವು ಸೋರುವುದು ಜೋಡಿನಲ್ಲಿ.

ಜೋಡು ಎರಡು ಥರ. ಒಂದು, ನೆತ್ತಿಯಿಂದ ಸೂರಿಗೆ ಇಳಿಯುವ ಜೋಡು. ನೀರು ಅದರ ಪಕ್ಕದಲ್ಲೇ ಹರಿದು ಹೋಗುತ್ತದೆ, ಅದನ್ನು ದಾಟುವುದಿಲ್ಲ. ಇನ್ನೊಂದು, ಇಳಿಜಾರಿಗೆ ಅಡ್ಡವಾಗಿ ಬರುವ ಜೋಡು. ಮೇಲಿನ ನೀರೆಲ್ಲ ಅದನ್ನು ದಾಟಿಯೇ ಇಳಿಯಬೇಕು. ಮೊದಲನೆಯದು ಆದಷ್ಟು ಇರಲಿ, ಎರಡನೆಯದನ್ನು ತಪ್ಪಿಸಿ. ಅಂದರೆ ಒಂದೊಂದು ಟಾರ್ಪಲ್ಲೂ ಈ ಸೂರಿನಿಂದ ಆ ಸೂರಿನವರೆಗೆ ಒಂದೇ ತುಂಡಾಗಿ ಬರುವ ಅಳತೆ ಹುಡುಕಬೇಕು.

ನಮಗೆ 34 ಅಡಿಯ ಓಟ ಬೇಕು. ಅಂಗಡಿಯಲ್ಲಿ ಸಿಗುವ ಸಿದ್ಧ ಅಳತೆಗಳಲ್ಲಿ 24×36 ಇದಕ್ಕೆ ಹೊಂದುತ್ತದೆ. 36 ಅಡಿ ನೆತ್ತಿಯ ಮೇಲೆ ಹಾಯುತ್ತದೆ, 24 ಅಡಿ ಚಪ್ಪರದ ಉದ್ದಕ್ಕೆ ಬರುತ್ತದೆ. ಹೀಗೆ ಎರಡು ತುಂಡು.

ಈಗ ಅಂಗಡಿಯ ಅಳತೆಯ ವಿಷಯ. 24 ಅಡಿ ಅಂತ ಬರೆದಿರುವುದು ಎಷ್ಟೋ ಸಲ ಕತ್ತರಿಸುವಾಗಿನ ಅಳತೆ. ಅಂಚು ಮಡಚಿ ಹೊಲಿದು ಹಗ್ಗ ಕಟ್ಟುವ ಕಣ್ಣು ಹಾಕಿದ ಮೇಲೆ ನಾಲ್ಕರಿಂದ ಆರು ಇಂಚು ಕಡಿಮೆಯಾಗಿರುತ್ತದೆ. ಹಾಗಾಗಿ ಪ್ರತಿ ಬದಿಯಿಂದ ಅರ್ಧ ಅಡಿ ಕಳೆದೇ ಲೆಕ್ಕ ಮಾಡಿ:

```
23.5 + 23.5 = 47 ಅಡಿ
ಓವರ್‌ಲ್ಯಾಪ್   − 3 ಅಡಿ
ಉಳಿದ ಉದ್ದ    = 44 ಅಡಿ
```

ಬೇಕಾದದ್ದು 44, ಸಿಕ್ಕಿದ್ದು 44. ಅಗಲಕ್ಕೆ 34 ಬೇಕಿತ್ತು, 35.5 ಇದೆ. ಸರಿಹೋಯಿತು.

ಓವರ್‌ಲ್ಯಾಪ್ ಎಷ್ಟಿರಬೇಕು ಅನ್ನುವುದು ಇಳಿಜಾರನ್ನು ಅವಲಂಬಿಸಿದೆ. ನಾಲ್ಕಕ್ಕೆ ಒಂದು ಇಳಿಜಾರಿದ್ದರೆ 2 ಅಡಿಗೆ ಕಡಿಮೆ ಬೇಡ. ಆರಕ್ಕೆ ಒಂದು ಇದ್ದರೆ 3 ಅಡಿ ಬೇಕು, ಏಕೆಂದರೆ ನೀರು ನಿಧಾನವಾಗಿ ಹರಿಯುವಾಗ ಎರಡು ಪದರಗಳ ನಡುವೆ ನುಸುಳಲು ಜಾಸ್ತಿ ಹೊತ್ತು ಸಿಗುತ್ತದೆ, ಗಾಳಿಯೂ ಅದನ್ನು ಒಳಗೆ ತಳ್ಳುತ್ತದೆ. ನಮ್ಮಲ್ಲಿ ಇಳಿಜಾರು ಒಳ್ಳೆಯದಿದೆ, 2 ಅಡಿಯೇ ಸಾಕಿತ್ತು, ಆದರೆ ಉದ್ದ ಇರುವುದರಿಂದ 3 ಅಡಿ ಇಟ್ಟುಕೊಳ್ಳೋಣ.

ನಾಲ್ಕು ಸಣ್ಣ ಟಾರ್ಪಲ್ ಸಾಲದಾ? ಇದನ್ನು ಬಹಳ ಜನ ಕೇಳುತ್ತಾರೆ. 18×24ರ ನಾಲ್ಕು ತುಂಡು ತಂದರೆ ಒಟ್ಟು 1728 ಚದರ ಅಡಿ. 24×36ರ ಎರಡಕ್ಕೂ ಸರಿಯಾಗಿ ಅಷ್ಟೇ. ಆದರೆ ನೆತ್ತಿಯ ಮೇಲೆ ಎರಡು ಕಡೆಯ ತುಂಡುಗಳೂ ಒಂದರ ಮೇಲೊಂದು ಹತ್ತಬೇಕು. 17.5 + 17.5 = 35, ಅದರಲ್ಲಿ ನೆತ್ತಿಗೆ 2 ಅಡಿ ಹೋದರೆ 33. ಸೂರಿನ ಹೊರಚಾಚು ಒಂದೊಂದು ಅಡಿಗೆ ಇಳಿಯಿತು. ಅದಕ್ಕಿಂತ ದೊಡ್ಡ ತೊಂದರೆ ನಡುವೆ ನಾಲ್ಕು ಮೂಲೆಗಳು ಒಂದೇ ಕಡೆ ಸೇರುವುದು. ನಾಲ್ಕು ಪದರದ ಆ ದಪ್ಪನೆಯ ಜಾಗ ಬಿಗಿಯಾಗಿ ಕೂರುವುದೇ ಇಲ್ಲ. ಮೊದಲ ಹನಿ ಬೀಳುವುದು ಅಲ್ಲಿಂದಲೇ. ಇರುವುದೇ ಸಣ್ಣ ತುಂಡುಗಳು ಅಂತಾದರೆ ಆ ಮೂಲೆ ಧಾರೆ ಮಂಟಪದ ಮೇಲೆ ಬರದಂತೆ ನೋಡಿಕೊಳ್ಳಿ. ಅದೇ ರೀತಿ ಯಾವ ಜೋಡಿನ ಕೆಳಗೂ ಮಂಟಪ, ಮೈಕ್ ಸೆಟ್, ವಿದ್ಯುತ್ ಬೋರ್ಡು ಇರಬಾರದು. ನಮ್ಮ ಚಪ್ಪರದಲ್ಲಿ ಜೋಡು ನಡುವೆ ಬಂದಿದೆ, ಹಾಗಾಗಿ ಮಂಟಪ ಒಂದು ತುದಿಗೆ ಇರಲಿ.

## ಹಂತ 6: ಅಂಗಡಿಯಲ್ಲಿ ತೂಕ ಹಾಕಿಸಿ

ದಪ್ಪವನ್ನು ಜಿಎಸ್‌ಎಂನಲ್ಲಿ ಹೇಳುತ್ತಾರೆ, ಅಂದರೆ ಒಂದು ಚದರ ಮೀಟರ್‌ಗೆ ಎಷ್ಟು ಗ್ರಾಂ. ಮೂರ್ನಾಲ್ಕು ದಿನದ ಚಪ್ಪರಕ್ಕೆ, ಮಳೆಗಾಲ ಹತ್ತಿರವಿದ್ದರೆ 200 ಜಿಎಸ್‌ಎಂ ತೆಗೆದುಕೊಳ್ಳಿ. 120ರದು ಗಾಳಿಗೆ ಪಟಪಟ ಬಡಿದುಕೊಂಡು ಕಣ್ಣಿನ ಹತ್ತಿರ ಹರಿಯುತ್ತದೆ.

ಕೈಯಲ್ಲಿ ಮುಟ್ಟಿ ದಪ್ಪ ಗೊತ್ತಾಗುವುದಿಲ್ಲ, ತಕ್ಕಡಿ ಹೇಳುತ್ತದೆ. 24×36 ಅಡಿ ಎಂದರೆ ಸುಮಾರು 80 ಚದರ ಮೀಟರ್. 200 ಗ್ರಾಂನಂತೆ 16 ಕೆಜಿ ಬರಬೇಕು. 11 ಕೆಜಿ ತೂಗಿದರೆ ಅದು 200 ಅಲ್ಲ, 140ರ ಆಸುಪಾಸು. ಬಾಡಿಗೆಗೆ ತರುವುದಾದರೆ ಬಿಸಿಲಿಗೆ ಹಿಡಿದು ತೂತು ನೋಡಿ, ನಾಲ್ಕು ಮೂಲೆಯ ಕಣ್ಣುಗಳನ್ನು ಎಳೆದು ನೋಡಿ.

## ಹಂತ 7: ಹೊದಿಸುವ ಕ್ರಮ

ಮೊದಲು ಗಳಗಳ ಚೂಪು ತುದಿ, ತಂತಿಯ ಗಂಟು, ಮೊಳೆಯ ತಲೆ ಇರುವಲ್ಲೆಲ್ಲ ಗೋಣಿ ಸುತ್ತಿ. ನೆತ್ತಿಯ ಗಳದ ಮೇಲಂತೂ ಉದ್ದಕ್ಕೂ ಗೋಣಿ ಹಾಸಿ, ಟಾರ್ಪಲ್‌ನ ಪೂರ್ತಿ ಎಳೆತ ಬೀಳುವುದು ಅಲ್ಲಿಗೆ. ಶಾಸ್ತ್ರಕ್ಕೆ ತೆಂಗಿನ ಗರಿ, ಮಾವಿನ ಸೊಪ್ಪು ಹಾಕುವವರು ಅದನ್ನು ಟಾರ್ಪಲ್ ಕೆಳಗೆ, ಗಳದ ಅಡಿಯಿಂದ ಕಟ್ಟಿ. ಮೇಲೆ ಹಾಕಿದರೆ ಗರಿ ನೀರನ್ನು ತಡೆಯುತ್ತದೆ. ಗಳಕ್ಕೂ ಟಾರ್ಪಲ್‌ಗೂ ನಡುವೆ ಸಿಕ್ಕಿಸಿದರೆ ಗರಿಯ ಬುಡ ಚುಚ್ಚುತ್ತದೆ.

ಯಾವ ತುಂಡು ಮೊದಲು ಅನ್ನುವುದನ್ನು ಗಾಳಿ ನಿರ್ಧರಿಸುತ್ತದೆ. ಗಾಳಿ ಬರುವ ಕಡೆಯ ತುಂಡು ಮೇಲೆ ಇರಬೇಕು, ಜೋಡಿನ ಬಾಯಿ ಗಾಳಿಗೆ ಬೆನ್ನು ಹಾಕಬೇಕು. ಮುಂಗಾರಿನ ಗಾಳಿ ಪಶ್ಚಿಮ, ನೈಋತ್ಯದ ಕಡೆಯಿಂದ ಬೀಸುತ್ತದೆ. ಆದ್ದರಿಂದ ಚಪ್ಪರದ ಉದ್ದ ಪೂರ್ವ-ಪಶ್ಚಿಮವಾಗಿದ್ದರೆ ಪೂರ್ವದ ತುಂಡನ್ನು ಮೊದಲು ಹಾಸಿ, ಪಶ್ಚಿಮದ್ದನ್ನು ಅದರ ಮೇಲೆ ಹತ್ತಿಸಿ. ಏಪ್ರಿಲ್, ಮೇ ತಿಂಗಳ ಸಂಜೆಯ ಗುಡುಗು ಮಳೆಗೆ ಇಂಥದ್ದೇ ದಿಕ್ಕು ಅಂತಿಲ್ಲ. ನಿಮ್ಮ ಊರಲ್ಲಿ ಮೋಡ ಯಾವ ಕಡೆಯಿಂದ ಕಟ್ಟುತ್ತದೆ ಅಂತ ಹಿರಿಯರನ್ನು ಕೇಳಿ.

ಇಳಿಜಾರಿಗೆ ಅಡ್ಡದ ಜೋಡು ತಪ್ಪಿಸಲು ಆಗಲೇ ಇಲ್ಲ ಅಂದರೆ ಹೆಂಚು ಹೊದಿಸುವ ಹಾಗೆ ಸೂರಿನ ತುಂಡು ಮೊದಲು, ನೆತ್ತಿಯ ತುಂಡು ಅದರ ಮೇಲೆ. ಇದು ತಲೆಕೆಳಗಾದರೆ ಆ ಸಂದಿಗೆ ಬಂದ ನೀರೆಲ್ಲ ಒಳಗೇ.

ಜೋಡು ಸರಿಯಾಗಿ ಒಂದು ಇಳಿಜಾರಿನ ಗಳದ ಮೇಲೆ ಬರಲಿ. ಅದರ ಮೇಲೆ ಇನ್ನೊಂದು ಬಿದಿರು ಅಥವಾ ದಬ್ಬೆ ಇಟ್ಟು, ನೆತ್ತಿಯಿಂದ ಸೂರಿನವರೆಗೆ ಕೆಳಗಿನ ಗಳಕ್ಕೆ ಒತ್ತಿ ಕಟ್ಟಿ. ಆದರೆ ಕಟ್ಟಲು ಟಾರ್ಪಲ್‌ನ ನಡುವೆ ತೂತು ಮಾಡಬೇಡಿ. ಎರಡು ಕಡೆಯ ಬಿದಿರುಗಳನ್ನು ನೆತ್ತಿಯಲ್ಲಿ ಒಂದಕ್ಕೊಂದು ಕಟ್ಟಿ, ಸೂರಿನ ತುದಿಯಲ್ಲಿ ಗಳ ಟಾರ್ಪಲ್‌ನ ಹೊರಗೆ ಚಾಚಿರಲಿ, ಅಲ್ಲಿ ಕಟ್ಟಿದರೆ ಸಾಕು.

## ಹಂತ 8: ಕಟ್ಟುವುದು

ಬರೀ ಕಣ್ಣುಗಳನ್ನು ನಂಬಬೇಡಿ. ಒಂದು ಸೂರಿನ ಗಳದಿಂದ ಟಾರ್ಪಲ್‌ನ ಮೇಲೆ ಹಾಯಿಸಿ ಇನ್ನೊಂದು ಸೂರಿನ ಗಳಕ್ಕೆ ಐದಾರು ಅಡಿಗೊಂದರಂತೆ ಹಗ್ಗ ಬಿಗಿಯಿರಿ. ಗಾಳಿ ಟಾರ್ಪಲ್ ಎತ್ತಲು ನೋಡಿದಾಗ ಈ ಹಗ್ಗಗಳೇ ಹಿಡಿಯುವುದು. ಮೂಲೆಯ ಕಂಬಗಳಿಂದ ನೆಲದ ಗೂಟಕ್ಕೆ ಓರೆಯಾಗಿ ಎಳೆಹಗ್ಗ ಬೇಕೇ ಬೇಕು. ಅದಕ್ಕೆ ಬಣ್ಣದ ಬಟ್ಟೆ ಕಟ್ಟಿ, ಕತ್ತಲಲ್ಲಿ ಓಡುವ ಮಕ್ಕಳಿಗೆ ಹಗ್ಗ ಕಾಣುವುದಿಲ್ಲ.

ಕಣ್ಣು ಕಿತ್ತುಬಂದರೆ ಅಥವಾ ಬೇಕಾದ ಕಡೆ ಕಣ್ಣು ಇಲ್ಲದಿದ್ದರೆ ಹಳೆಯ ಉಪಾಯ ಒಂದಿದೆ. ನಿಂಬೆಹಣ್ಣಿನ ಗಾತ್ರದ ನುಣುಪು ಕಲ್ಲನ್ನು ಟಾರ್ಪಲ್‌ನ ಕೆಳಗಿನಿಂದ ಇಟ್ಟು, ಟಾರ್ಪಲ್‌ನಲ್ಲೇ ಸುತ್ತಿ, ಕಲ್ಲಿನ ಕೆಳಗೆ ಕುತ್ತಿಗೆಯ ಹಾಗೆ ಬಂದ ಜಾಗಕ್ಕೆ ಹಗ್ಗ ಬಿಗಿಯುವುದು. ತೂತಿಲ್ಲದೆ ಗಟ್ಟಿ ಹಿಡಿತ ಸಿಗುತ್ತದೆ, ಕಣ್ಣಿಗಿಂತ ವಾಸಿ.

## ಬರೀ ಬಿಸಿಲಿಗೆ ಶೇಡ್ ನೆಟ್ ಹಾಕುವವರಿಗೆ

ಹಸಿರು ನೆಟ್ ಮಳೆ ತಡೆಯುವುದಿಲ್ಲ. 90 ಪರ್ಸೆಂಟ್ ಅಂತ ಬರೆದಿರುವುದು ನೆರಳಿಗೆ, ನೀರಿಗಲ್ಲ. ಮಳೆಯ ಭಯವಿಲ್ಲದ ದಿನಗಳಿಗೆ 75 ಪರ್ಸೆಂಟಿನದು ಸಾಕು. ಇದಕ್ಕೆ ಇಳಿಜಾರಿನ ಚಿಂತೆ ಇಲ್ಲ, ಸೂರಿನ ಹೊರಚಾಚೂ ಬೇಡ. ಓವರ್‌ಲ್ಯಾಪ್ ಅರ್ಧ ಅಡಿ ಇಟ್ಟು ದಾರದಿಂದ ಹೊಲಿದರೆ ಆಯಿತು.

ಆದರೆ ರೋಲಿನ ಲೆಕ್ಕದಲ್ಲಿ ಎಡವುತ್ತಾರೆ. ಸಾಮಾನ್ಯವಾಗಿ ಸಿಗುವ ರೋಲು 3 ಮೀಟರ್ ಅಗಲ, 50 ಮೀಟರ್ ಉದ್ದ. ಅಂದರೆ 10 ಅಡಿಗೆ ಸ್ವಲ್ಪ ಕಡಿಮೆ ಅಗಲ, 164 ಅಡಿ ಉದ್ದ. ನಮ್ಮ 40 ಅಡಿಗೆ ನಾಲ್ಕು ಪಟ್ಟಿ ಸಾಕು ಅನ್ನಿಸುತ್ತದೆ. ಸಾಲುವುದಿಲ್ಲ, ಓವರ್‌ಲ್ಯಾಪ್ ಕಳೆದರೆ 38 ಅಡಿಯ ಹತ್ತಿರ ನಿಲ್ಲುತ್ತದೆ. ಐದು ಪಟ್ಟಿ ಬೇಕು. ಪ್ರತಿ ಪಟ್ಟಿ 33 ಅಡಿ ಕತ್ತರಿಸಿದರೆ 165 ಅಡಿ, ರೋಲಿಗಿಂತ ಒಂದು ಅಡಿ ಜಾಸ್ತಿ! ಆದ್ದರಿಂದ 32 ಅಡಿಗೆ ಕತ್ತರಿಸಿ. 31 ಅಡಿ ಹೊದಿಕೆಗೆ, ಎರಡೂ ತುದಿಯಲ್ಲಿ ಅರ್ಧ ಅಡಿ ಗಳಕ್ಕೆ ಸುತ್ತಿ ಕಟ್ಟಲು. ಕತ್ತರಿ ಹಾಕುವ ಮೊದಲು ಈ ಗುಣಾಕಾರ ಮಾಡಿಕೊಳ್ಳಿ.

## ಹಿಂದಿನ ದಿನವೇ ನೀರು ಹಾಕಿ ನೋಡಿ

ಚಪ್ಪರ ಮುಗಿದ ದಿನವೇ ನೆತ್ತಿಯ ಮೇಲೆ ಪೈಪಿನಿಂದ ಹತ್ತು ನಿಮಿಷ ನೀರು ಬಿಡಿ. ಒಬ್ಬರು ಕೆಳಗೆ ನಿಂತು ಮೇಲೆ ನೋಡಲಿ. ಹಗಲಿನಲ್ಲಿ ನೀರು ನಿಂತ ಜಾಗ ಕೆಳಗಿನಿಂದ ಕಪ್ಪು ನೆರಳಿನ ಹಾಗೆ ಕಾಣುತ್ತದೆ. ಅಲ್ಲಿ ಒಂದು ಅಡ್ಡಗಳ ಜಾಸ್ತಿ ಕಟ್ಟಿ, ಟಾರ್ಪಲ್ ಬಿಗಿ ಮಾಡಿ.

ನಿಂತ ನೀರನ್ನು ಹಗುರ ಅಂದುಕೊಳ್ಳಬೇಡಿ. ಆರು ಅಡಿ ಉದ್ದ, ಆರು ಅಡಿ ಅಗಲದ ಗುಂಡಿಯಲ್ಲಿ ಸರಾಸರಿ ಮೂರು ಇಂಚು ನೀರು ನಿಂತರೆ 250 ಕೆಜಿ ದಾಟುತ್ತದೆ. ಭಾರಕ್ಕೆ ಟಾರ್ಪಲ್ ಇನ್ನೂ ಜೋಲುತ್ತದೆ, ಜೋಲಿದಷ್ಟೂ ಇನ್ನಷ್ಟು ನೀರು ಸೇರುತ್ತದೆ. ಗಳ ಕರಕರ ಅನ್ನುವುದು, ಸೂರಿನ ಕಂಬ ಒಳಕ್ಕೆ ವಾಲುವುದು, ಕಣ್ಣಿನ ಸುತ್ತ ಬಿಳಿ ಗೆರೆ ಮೂಡುವುದು, ಇವು ಮೂರರಲ್ಲಿ ಒಂದು ಕಂಡರೂ ಮೊದಲು ಜನರನ್ನು ಹೊರಗೆ ಕಳಿಸಿ. ಆಮೇಲೆ ಉದ್ದದ ಕೋಲಿನ ತುದಿಗೆ ಬಟ್ಟೆ ಸುತ್ತಿ, ಪಕ್ಕದಲ್ಲಿ ನಿಂತು, ಗುಂಡಿಯ ಸೂರಿನ ಕಡೆಯ ಅಂಚಿನಿಂದ ಸ್ವಲ್ಪ ಸ್ವಲ್ಪವೇ ನೀರು ಹೊರಗೆ ಹಾಯಿಸಿ. ಗುಂಡಿಯ ಕೆಳಗೆ ನಿಂತು ನಡುವೆ ತಿವಿಯಬೇಡಿ. ಚಾಕು ಹಾಕಿ ತೂತು ಮಾಡುವುದೂ ಬೇಡ, ತೂತು ಅಲ್ಲೇ ನಿಲ್ಲದೆ ಹರಿದುಕೊಂಡು ಹೋಗುತ್ತದೆ.

ಸೂರಿನಿಂದ ಬೀಳುವ ನೀರಿಗೂ ದಾರಿ ಬೇಕು. 30×40 ಚಪ್ಪರದ ಮೇಲೆ 20 ಮಿಲಿಮೀಟರ್ ಮಳೆ ಬಿದ್ದರೆ ಎರಡು ಸಾವಿರ ಲೀಟರ್‌ಗೂ ಹೆಚ್ಚು ನೀರು. ಎರಡೂ ಸೂರಿನ ಕೆಳಗೆ ಅರ್ಧ ಅಡಿ ಆಳದ ಕಾಲುವೆ ತೋಡಿ ರಸ್ತೆಯ ಚರಂಡಿಗೆ ಕೂಡಿಸಿ. ಇಲ್ಲದಿದ್ದರೆ ಮೇಲೆ ಸೋರದಿದ್ದರೂ ಊಟದ ಪಂಕ್ತಿ ಕೆಸರಿನಲ್ಲಿ ನಡೆಯುತ್ತದೆ.

ಅಡುಗೆಯ ಜಾಗಕ್ಕೆ ಈ ಲೆಕ್ಕ ಬೇಡ. ಒಲೆಯ ಮೇಲೆ ಟಾರ್ಪಲ್ಲೂ ಬೇಡ, ನೆಟ್ಟೂ ಬೇಡ, ಎರಡೂ ಪ್ಲಾಸ್ಟಿಕ್. ಅಲ್ಲಿಗೆ ಜಿಂಕ್ ಶೀಟು ಹಾಕಿಸಿ, ಮದುವೆ ಚಪ್ಪರದಿಂದ ದೂರ ಇಡಿ. ಎರಡು ಚಪ್ಪರಗಳ ಸೂರು ಒಂದಕ್ಕೊಂದು ತಾಗಿದರೆ ಎರಡರ ನೀರೂ ಆ ಸಂದಿಯಲ್ಲೇ ಸುರಿಯುತ್ತದೆ, ಬಡಿಸುವವರು ಓಡಾಡುವುದು ಸರಿಯಾಗಿ ಅಲ್ಲೇ.